ಜುಲೈ 31ರ ಪೋಸ್ಟ್ ಯಾವತ್ತು ಹಾಕಬೇಕು?

ಜುಲೈ ಕೊನೆಯ ವಾರ ಬಂತೆಂದರೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಕೆಂಪು ಅಕ್ಷರಗಳದ್ದೇ ಕಾರುಬಾರು. ‘ಐಟಿ ರಿಟರ್ನ್ ಸಲ್ಲಿಸಲು ಇನ್ನು ಮೂರೇ ದಿನ! ದಂಡ ತಪ್ಪಿಸಿಕೊಳ್ಳಿ! ಇಂದೇ ಸಂಪರ್ಕಿಸಿ!’ ಪಕ್ಕದಲ್ಲೊಂದು ಗಡಿಯಾರದ ಚಿತ್ರ, ಕೆಳಗೆ ಫೋನ್ ನಂಬರು. ತೆರಿಗೆ ಸಲಹೆಗಾರರ ಕಚೇರಿಯೊಂದಕ್ಕೆ ಕನ್ನಡದಲ್ಲಿ ಇಂಥ ಪೋಸ್ಟ್ ಬರೆದುಕೊಡುವ ಕೆಲಸ ನನ್ನದು. ಹಾಗಾಗಿ ಊರಿನ ಉಳಿದ ಕಚೇರಿಗಳು ಏನು ಹಾಕಿವೆ ಎಂದು ಕದ್ದು ನೋಡುವುದೂ ಕೆಲಸದ ಭಾಗವೇ. ನೋಡಿದಷ್ಟೂ ಒಂದು ಮಾತು ಖಾತ್ರಿಯಾಗಿದೆ. ಕೊನೇ ದಿನಾಂಕ ಯಾವುದೆಂದು ಹೇಳುವ ಪೋಸ್ಟ್‌ನಿಂದ ಓದುವವರಿಗೆ ಆಗುವ ಉಪಕಾರ ಬಹಳ ಕಡಿಮೆ. ಆ ದಿನಾಂಕ ಎಲ್ಲರಿಗೂ ಹೇಗೋ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವುದು ಅದಕ್ಕೆ ಮೊದಲು ಏನು ನೋಡಿಕೊಳ್ಳಬೇಕು ಎನ್ನುವುದು. ಅದನ್ನು ಮೂರು ದಿನ ಇರುವಾಗ ಹೇಳಿದರೆ ಹೇಳಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಸಂಬಳದಾರರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್‌ನಲ್ಲೇ ರಿಟರ್ನ್ ಹಾಕಿ ಕೈ ತೊಳೆದುಕೊಳ್ಳೋಣ ಎನ್ನುವ ಉತ್ಸಾಹಿಗಳಿರುತ್ತಾರೆ. ‘ಬೇಗ ಸಲ್ಲಿಸಿ, ಬೇಗ ರೀಫಂಡ್ ಪಡೆಯಿರಿ’ ಎಂದು ಅವರನ್ನು ಹುರಿದುಂಬಿಸುವ ಪೋಸ್ಟ್‌ಗಳೂ ಇರುತ್ತವೆ. ಆದರೆ ಸಂಬಳದಲ್ಲಿ ಹಿಡಿದ ತೆರಿಗೆಯ ಕೊನೆಯ ಮೂರು ತಿಂಗಳ ಲೆಕ್ಕವನ್ನು ಇಲಾಖೆಗೆ ಕೊಡಲು ಉದ್ಯೋಗದಾತರಿಗೆ ಮೇ 31ರವರೆಗೆ ಸಮಯ ಇರುತ್ತದೆ. ದೊಡ್ಡ ಮೊತ್ತದ ವ್ಯವಹಾರಗಳನ್ನು, ಕೊಟ್ಟ ಬಡ್ಡಿಯನ್ನು ಬ್ಯಾಂಕುಗಳು ವರದಿ ಮಾಡುವ ಗಡುವೂ ಅದೇ. ಫಾರ್ಮ್ 16 ನೌಕರರ ಕೈಸೇರಲು ಜೂನ್ 15ರ ತನಕ ಅವಕಾಶ. ಅಂದರೆ ಜೂನ್ ಮಧ್ಯದವರೆಗೆ ಇಲಾಖೆಯ ಪೋರ್ಟಲ್‌ನಲ್ಲಿ ಕಾಣುವ ನಿಮ್ಮ ಲೆಕ್ಕ ಅರ್ಧಂಬರ್ಧ. ಆ ಅರ್ಧ ಲೆಕ್ಕ ನಂಬಿ ರಿಟರ್ನ್ ಹಾಕಿದವರು ಆಗಸ್ಟ್‌ನಲ್ಲಿ ‘ಬಡ್ಡಿ ಆದಾಯ ತೋರಿಸಿಲ್ಲ’ ಎಂಬ ಸಂದೇಶ ಹಿಡಿದು ಬರುತ್ತಾರೆ. ಅದಕ್ಕೇ ನಮ್ಮ ಏಪ್ರಿಲ್ ಪೋಸ್ಟ್ ಹೇಳುವುದು ‘ಸ್ವಲ್ಪ ತಡೀರಿ’ ಎಂದು. ತೆರಿಗೆ ಕಚೇರಿಯಿಂದ ಇಂಥ ಮಾತು ಬರುತ್ತದೆ ಎಂದು ಯಾರೂ ನಿರೀಕ್ಷಿಸಿರುವುದಿಲ್ಲ. ಅದಕ್ಕೋ ಏನೋ, ಜನ ಅದನ್ನು ಓದುತ್ತಾರೆ.

ನಿಜವಾದ ಪೋಸ್ಟ್ ಹೊರಡುವುದು ಜೂನ್ 20ರ ಆಸುಪಾಸಿಗೆ. 2024ರಲ್ಲಿ ಅದು ಹೀಗಿತ್ತು:

‘ಜೂನ್ 20, 2024. ಸಂಬಳ ಪಡೆಯುವವರಿಗೆ, 2023–24ರ ಆದಾಯದ ಬಗ್ಗೆ. ನಿಮ್ಮ ಆಫೀಸಿನಿಂದ ಫಾರ್ಮ್ 16 ಬಂದಿರಬೇಕು. ಅದರಲ್ಲಿ ಒಟ್ಟು ಎಷ್ಟು ತೆರಿಗೆ ಹಿಡಿದಿದ್ದಾರೆ ನೋಡಿ. ಆಮೇಲೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ 26ಎಎಸ್ ತೆರೆದು, ನಿಮ್ಮ ಆಫೀಸಿನ ಹೆಸರಿನ ಎದುರು ಇರುವ ಮೊತ್ತ ನೋಡಿ. ಎರಡೂ ಒಂದೇ ಇದ್ದರೆ ಸರಿ. 26ಎಎಸ್‌ನಲ್ಲಿ ಕಡಿಮೆ ಇದ್ದರೆ ಈ ವಾರವೇ ಆಫೀಸಿನ ಅಕೌಂಟ್ಸ್ ವಿಭಾಗಕ್ಕೆ ಬರೆದು ತಿಳಿಸಿ. ಅದನ್ನು ಸರಿಪಡಿಸುವುದು ನಿಮ್ಮಿಂದಾಗಲಿ ನಮ್ಮಿಂದಾಗಲಿ ಆಗುವುದಿಲ್ಲ, ಅವರೇ ಮಾಡಬೇಕು.’

ಇಷ್ಟೇ. ದಂಡದ ಮಾತಿಲ್ಲ, ಗಡಿಯಾರವಿಲ್ಲ. ಇದನ್ನು ಜೂನ್ 20ಕ್ಕೇ ಕಳಿಸುವುದಕ್ಕೆ ಕಾರಣವಿದೆ. ಪ್ಯಾನ್ ನಂಬರಿನ ಒಂದಕ್ಷರ ತಪ್ಪಾಗಿದ್ದರೂ ನಿಮ್ಮ ಸಂಬಳದಿಂದ ಹಿಡಿದ ಹಣ ನಿಮ್ಮ ಖಾತೆಯಲ್ಲಿ ಕಾಣುವುದಿಲ್ಲ. ಉದ್ಯೋಗದಾತರು ತಿದ್ದುಪಡಿ ಲೆಕ್ಕ ಸಲ್ಲಿಸಬೇಕು, ಇಲಾಖೆ ಅದನ್ನು ಸಂಸ್ಕರಿಸಬೇಕು, ಆಮೇಲೆ 26ಎಎಸ್ ಬದಲಾಗಬೇಕು. ವಾರಗಳೇ ಹಿಡಿಯುವ ಕೆಲಸ ಇದು. ಜೂನ್ 20ಕ್ಕೆ ಗೊತ್ತಾದರೆ 41 ದಿನ ಕೈಯಲ್ಲಿರುತ್ತದೆ. ಜುಲೈ 28ಕ್ಕೆ ಗೊತ್ತಾದರೆ ಅಕೌಂಟ್ಸ್ ವಿಭಾಗದವರು ‘ನೋಡೋಣ ಸರ್’ ಎನ್ನುತ್ತಾರೆ. ಅವರು ನೋಡುವ ಹೊತ್ತಿಗೆ ಆಗಸ್ಟ್ ಬಂದಿರುತ್ತದೆ. ಪೋಸ್ಟ್‌ನ ದಿನ ಗೊತ್ತುಮಾಡುವಾಗ ನಾವು ಕೊನೇ ದಿನಾಂಕದಿಂದ ಹಿಂದಕ್ಕೆ ಎಣಿಸುತ್ತೇವೆ. ಓದುವವರು ಮಾಡಬೇಕಾದ ಕೆಲಸದಲ್ಲಿ ಬೇರೆಯವರ ಕೈಯಲ್ಲಿರುವ ಭಾಗಕ್ಕೆ ಎಷ್ಟು ದಿನ ಬೇಕೋ ಅಷ್ಟು ಹಿಂದಕ್ಕೆ.

‘ಇಂದೇ ಸಂಪರ್ಕಿಸಿ’ ಎಂಬುದು ನಮ್ಮ ಪೋಸ್ಟ್‌ನಲ್ಲಿ ಇಲ್ಲದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಮೊದಲ ಅನುಸೂಚಿ, ಸಿಎಗಳು ಜಾಹೀರಾತು ಅಥವಾ ಸುತ್ತೋಲೆಯ ಮೂಲಕ ಗಿರಾಕಿಗಳನ್ನು ಕರೆಯುವುದನ್ನು ವೃತ್ತಿ ದುರ್ನಡತೆ ಎಂದೇ ಪರಿಗಣಿಸುತ್ತದೆ. ತೆರಿಗೆಯ ವಿಷಯ ತಿಳಿಸಿ ಹೇಳಲು ಅಡ್ಡಿಯಿಲ್ಲ. ‘ನಮ್ಮಲ್ಲಿಗೆ ಬನ್ನಿ’ ಎನ್ನುವುದು ತಪ್ಪು. ಈ ನಿಯಮದ ವಿವರಗಳನ್ನು ಸಿಎ ಸಂಸ್ಥೆ ಕಾಲಕಾಲಕ್ಕೆ ಮಾರ್ಪಡಿಸುತ್ತ ಬಂದಿದೆ. ಸಿಎ ಅಲ್ಲದ ತೆರಿಗೆ ಸಲಹೆಗಾರರಿಗೆ, ಜಿಎಸ್‌ಟಿ ಪ್ರಾಕ್ಟಿಷನರುಗಳಿಗೆ ಆ ಸಂಸ್ಥೆಯ ಕಟ್ಟು ಅನ್ವಯಿಸುವುದಿಲ್ಲ. ಕೆಂಪಕ್ಷರ, ರಿಯಾಯಿತಿ ದರ, ‘ಮೊದಲ ಐವತ್ತು ಜನರಿಗೆ ಮಾತ್ರ’ ಎಲ್ಲ ಬರುವುದು ಹೆಚ್ಚಾಗಿ ಆ ಕಡೆಯಿಂದ. ನನ್ನ ಅನಿಸಿಕೆ ಕೇಳಿದರೆ, ಈ ನಿಷೇಧದಿಂದ ಬರೆಯುವವರಿಗೆ ಒಳ್ಳೆಯದೇ ಆಗಿದೆ. ಕರೆಯುವಂತಿಲ್ಲ ಎಂದ ಮೇಲೆ ಪೋಸ್ಟ್‌ನಲ್ಲಿ ಏನಾದರೂ ವಿಷಯ ಇರಲೇಬೇಕಾಗುತ್ತದೆ.

ಇನ್ನು ಗಡುವು ತಪ್ಪಿದರೆ ಏನಾಗುತ್ತದೆ ಎನ್ನುವ ಮಾತು. ಬಹುತೇಕ ಪೋಸ್ಟ್‌ಗಳು ‘ಐದು ಸಾವಿರ ದಂಡ’ ಎಂದು ಹೇಳಿ ಮುಗಿಸುತ್ತವೆ. ಆದಾಯ ಐದು ಲಕ್ಷ ಮೀರಿದವರಿಗೆ ತಡವಾದ ಶುಲ್ಕ 5,000 ರೂಪಾಯಿ, ಅದಕ್ಕಿಂತ ಕಡಿಮೆ ಇದ್ದವರಿಗೆ 1,000. ನಿಜ. ಐದು ಸಾವಿರ ತಾನೇ, ಹೋದರೆ ಹೋಗಲಿ ಎಂದು ಕೆಲವರು ಸುಮ್ಮನಾಗುವುದೂ ನಿಜ. ಆದರೆ 2024ರ ಜುಲೈನಲ್ಲಿ ಹೋದದ್ದು ಬರೀ ಐದು ಸಾವಿರವಲ್ಲ. 2023–24ರ ಆದಾಯದಿಂದ ಹೊಸ ತೆರಿಗೆ ಪದ್ಧತಿಯೇ ಎಲ್ಲರಿಗೂ ತಾನಾಗಿ ಅನ್ವಯವಾಗತೊಡಗಿತು. ಗೃಹಸಾಲದ ಬಡ್ಡಿ, ವಿಮೆ, ಪಿಪಿಎಫ್ ಎಲ್ಲ ಕಳೆಯಲು ಬಿಡುವ ಹಳೇ ಪದ್ಧತಿ ಬೇಕೆಂದರೆ ಅದನ್ನು ರಿಟರ್ನ್‌ನಲ್ಲೇ ಕೇಳಬೇಕು, ಗಡುವಿನೊಳಗೆ ಕೇಳಬೇಕು. ಆಗಸ್ಟ್ 1ಕ್ಕೆ ಆ ಬಾಗಿಲು ಮುಚ್ಚಿತು.

ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 12 ಲಕ್ಷ ಸಂಬಳದ ಒಬ್ಬರು ಎನ್ನಿ. ವಯಸ್ಸು ಅರವತ್ತರೊಳಗೆ. ಹಳೇ ಪದ್ಧತಿಯಲ್ಲಿ ಅವರಿಗೆ 50,000ದ ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿ ಅಡಿ ಒಂದೂವರೆ ಲಕ್ಷ, ಮನೆ ಸಾಲದ ಬಡ್ಡಿ ಎರಡು ಲಕ್ಷ, ಆರೋಗ್ಯ ವಿಮೆ 25,000, ಎನ್‌ಪಿಎಸ್ 50,000 ಕಳೆಯಲು ಸಿಗುತ್ತದೆ. ಉಳಿದ 7.25 ಲಕ್ಷಕ್ಕೆ ಸೆಸ್ ಸೇರಿ ತೆರಿಗೆ 59,800 ರೂಪಾಯಿ. ಆ ವರ್ಷದ ಹೊಸ ಪದ್ಧತಿಯಲ್ಲಾದರೆ ಕಳೆಯಲು ಸಿಗುವುದು 50,000 ಮಾತ್ರ, 11.5 ಲಕ್ಷಕ್ಕೆ ತೆರಿಗೆ 85,800. ವ್ಯತ್ಯಾಸ 26,000. ಆಫೀಸಿನವರು ಹಳೇ ಪದ್ಧತಿಯ ಲೆಕ್ಕದಲ್ಲೇ ತೆರಿಗೆ ಹಿಡಿದಿದ್ದರು, ಆದ್ದರಿಂದ ‘ನನ್ನದೆಲ್ಲ ಕಟ್ಟಿ ಆಗಿದೆ’ ಎಂದು ಇವರು ನೆಮ್ಮದಿಯಾಗಿದ್ದರು. ಒಂದು ದಿನ ತಡವಾಯಿತು. 26,000, ಅದರ ಮೇಲೆ ಶುಲ್ಕ 5,000, ಒಟ್ಟು 31,000, ಬಡ್ಡಿ ಬೇರೆ. ಈ ಲೆಕ್ಕವನ್ನು ಹೀಗೇ, ಅಂಕಿ ಸಮೇತ, ಜುಲೈ ಮೊದಲ ವಾರಕ್ಕೆ ಹಾಕಿದ ಪೋಸ್ಟ್ ಹಲವರನ್ನು ಕದಲಿಸಿತು. ‘ದಂಡ’ ಎಂಬ ಮಾತಿಗೆ ಜಗ್ಗದವರೂ ‘ಗೃಹಸಾಲದ ಲಾಭ ಹೋಗುತ್ತದೆ’ ಎಂದಾಗ ಫೋನ್ ಮಾಡಿದರು.

ಅದೇ ಪೋಸ್ಟನ್ನು ಮುಂದಿನ ವರ್ಷಗಳಿಗೆ ಎತ್ತಿ ಹಾಕುವಂತಿಲ್ಲ. 2025–26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಸಿಕ್ಕು ತೆರಿಗೆಯೇ ಇಲ್ಲ. ಮೇಲೆ ಹೇಳಿದ ವ್ಯಕ್ತಿಗೆ ಈಗ ಹಳೇ ಪದ್ಧತಿಯ ಹಂಗೇ ಬೇಕಿಲ್ಲ. ಈಗಲೂ ಅದರಿಂದ ಲಾಭ ಇರುವುದು ಸಂಬಳವೂ ಹೆಚ್ಚಿದ್ದು, ಕಡಿತಗಳೂ ಭಾರಿ ಇರುವವರಿಗೆ. ಹಳೆಯ ಚಿತ್ರದಲ್ಲಿ ವರ್ಷ ಮಾತ್ರ ತಿದ್ದಿ ಮತ್ತೆ ಹಾಕುವ ಕಚೇರಿಗಳು ಕಡಿಮೆಯೇನಿಲ್ಲ. ಹೀಗಾಗಿಯೇ ಯಾರಿಗೋ ಸಲ್ಲಬೇಕಾದ ಭಯ ಇನ್ಯಾರದೋ ಮನೆ ಸೇರುತ್ತದೆ.

ಜುಲೈ 31 ದಾಟಿತು. ಬಹಳಷ್ಟು ಕಚೇರಿಗಳು ಅಲ್ಲಿಗೆ ಮೊಬೈಲ್ ಕೆಳಗಿಟ್ಟು ಉಸಿರು ಬಿಡುತ್ತವೆ. ನನ್ನ ಪ್ರಕಾರ ವರ್ಷದ ಅತಿ ಉಪಯುಕ್ತ ಪೋಸ್ಟ್ ಹಾಕಬೇಕಾದ್ದು ಆಗಸ್ಟ್ 1ರಂದೇ. ರಿಟರ್ನ್ ಸಲ್ಲಿಸಿದರೆ ಮುಗಿಯಲಿಲ್ಲ, 30 ದಿನದೊಳಗೆ ಅದನ್ನು ಇ-ವೆರಿಫೈ ಮಾಡಬೇಕು. ಆಧಾರ್‌ಗೆ ಬರುವ ಒಟಿಪಿ ಹಾಕಿದರೆ ಎರಡು ನಿಮಿಷದ ಕೆಲಸ. ಆದರೆ ಕೊನೇ ದಿನದ ಗಡಿಬಿಡಿಯಲ್ಲಿ ಒಟಿಪಿ ಬಂದಿರುವುದಿಲ್ಲ, ಆಧಾರ್‌ಗೆ ಜೋಡಿಸಿದ ಸಿಮ್ ಮಗನ ಹತ್ತಿರ ಬೆಂಗಳೂರಿನಲ್ಲಿರುತ್ತದೆ, ‘ಆಮೇಲೆ ಮಾಡ್ತೀನಿ’ ಎಂದು ಬಿಟ್ಟದ್ದು ಮರೆತೇಹೋಗುತ್ತದೆ. 30 ದಿನ ದಾಟಿ ವೆರಿಫೈ ಮಾಡಿದರೆ, ನೀವು ವೆರಿಫೈ ಮಾಡಿದ ದಿನವೇ ರಿಟರ್ನ್ ಸಲ್ಲಿಸಿದ ದಿನವಾಗುತ್ತದೆ. ಅಂದರೆ ಜುಲೈ 31ರ ರಾತ್ರಿಯೇ ಸಲ್ಲಿಸಿದ್ದರೂ, ಸೆಪ್ಟೆಂಬರ್ 5ಕ್ಕೆ ವೆರಿಫೈ ಆದರೆ ಅದು ತಡವಾದ ರಿಟರ್ನ್. ಶುಲ್ಕವೂ ಬಿತ್ತು, ಹಳೇ ಪದ್ಧತಿಯೂ ಹೋಯಿತು. ಆದ್ದರಿಂದ ಆಗಸ್ಟ್ 1ರ ನಮ್ಮ ಪೋಸ್ಟ್‌ನಲ್ಲಿ ಒಂದೇ ಸಾಲು: ‘ಪೋರ್ಟಲ್ ತೆರೆದು ನಿಮ್ಮ ರಿಟರ್ನ್ ಎದುರು ವೆರಿಫೈ ಆಗಿದೆ ಎಂದು ಬಂದಿದೆಯೇ ನೋಡಿ, ಇಲ್ಲದಿದ್ದರೆ ಇವತ್ತೇ ಮಾಡಿ.’ ಆಗಸ್ಟ್ 20ಕ್ಕೆ ಅದನ್ನೇ ಇನ್ನೊಮ್ಮೆ ಕಳಿಸುತ್ತೇವೆ. ಗಿರಾಕಿಗಳಲ್ಲದವರೂ ಅದನ್ನು ನೋಡಿ ವೆರಿಫೈ ಮಾಡಿಕೊಳ್ಳುತ್ತಾರೆ. ಕಚೇರಿಗೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ.

2025ರ ಹಂಗಾಮು ಈ ಕಸುಬಿನವರನ್ನೆಲ್ಲ ಆಟವಾಡಿಸಿತು. ರಿಟರ್ನ್ ನಮೂನೆಗಳಲ್ಲಿ ಬಹಳ ಬದಲಾವಣೆಯಾಗಿದ್ದರಿಂದ ಸಿದ್ಧತೆಗೆ ಸಮಯ ಬೇಕೆಂದು ಕೇಂದ್ರ ನೇರ ತೆರಿಗೆ ಮಂಡಳಿ ಮೇ 27ರಂದೇ ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿತು. ಊರಿನ ತುಂಬ ಒಂದೇ ಮಾತು: ‘ಡೇಟ್ ಮುಂದೆ ಹೋಯ್ತು.’ ನಮ್ಮ ಕಚೇರಿಗೆ ಬರುವ ಕಾಲೇಜು ಉಪನ್ಯಾಸಕರೊಬ್ಬರು ಜುಲೈನಲ್ಲಿ ಫೋನ್ ಮಾಡಿದರು.

‘ಸರ್, ಇನ್ನೂ ಎರಡು ತಿಂಗಳು ಟೈಮ್ ಇದೆಯಂತಲ್ಲ, ಗಣೇಶನ ಹಬ್ಬ ಮುಗಿಸ್ಕೊಂಡು ಬರ್ತೀನಿ.’

‘ಬನ್ನಿ, ಅವಸರ ಇಲ್ಲ. ಆದ್ರೆ ದುಡ್ಡು ಮಾತ್ರ ಈ ತಿಂಗಳೇ ಕಟ್ಟಿಬಿಡಿ’ ಎಂದರು ನಮ್ಮ ಸಾಹೇಬರು.

‘ಯಾಕೆ ಸರ್? ಡೇಟ್ ಮುಂದೆ ಹೋಗಿದೆಯಲ್ಲ?’

‘ರಿಟರ್ನ್‌ದು ಹೋಗಿದೆ. ಬಡ್ಡಿದು ಹೋಗಿಲ್ಲ.’

ಅವರಿಗೆ ಸಂಬಳದ ಜೊತೆ ಬ್ಯಾಂಕ್ ಠೇವಣಿಯ ಬಡ್ಡಿ ಇತ್ತು, ಮಳಿಗೆಯ ಬಾಡಿಗೆ ಇತ್ತು. ಟಿಡಿಎಸ್ ಎಲ್ಲ ಕಳೆದು ಇನ್ನೂ ಕಟ್ಟಬೇಕಾದ ತೆರಿಗೆ 24,000 ರೂಪಾಯಿ. ಹೀಗೆ ಹತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಬಾಕಿ ಬರುವವರು ವರ್ಷದ ನಡುವೆಯೇ ಮುಂಗಡ ತೆರಿಗೆ ಕಟ್ಟಬೇಕು. ವ್ಯಾಪಾರದ ಆದಾಯವಿಲ್ಲದ ಹಿರಿಯ ನಾಗರಿಕರಿಗೆ ಮಾತ್ರ ವಿನಾಯಿತಿ. ಕಟ್ಟದಿದ್ದರೆ 234ಬಿ ಕಲಮಿನ ಪ್ರಕಾರ ಏಪ್ರಿಲ್ 1ರಿಂದ ತಿಂಗಳಿಗೆ ಶೇ 1ರಂತೆ ಬಡ್ಡಿ ಓಡುತ್ತಲೇ ಇರುತ್ತದೆ. ತಿಂಗಳ ಒಂದು ದಿನ ಸೇರಿದರೂ ಪೂರ್ತಿ ತಿಂಗಳ ಲೆಕ್ಕ. ಜುಲೈನಲ್ಲಿ ಕಟ್ಟಿದರೆ ನಾಲ್ಕು ತಿಂಗಳಿಗೆ 960 ರೂಪಾಯಿ. ಸೆಪ್ಟೆಂಬರ್‌ನಲ್ಲಿ ಕಟ್ಟಿದರೆ ಆರು ತಿಂಗಳಿಗೆ 1,440. ಗಡುವು ಮುಂದೂಡಿದ್ದರಿಂದ ಈ ಬಡ್ಡಿ ನಿಲ್ಲಲಿಲ್ಲ. 480 ರೂಪಾಯಿ ದೊಡ್ಡ ಮೊತ್ತವಲ್ಲ. ಎರಡು ಲಕ್ಷ ಬಾಕಿ ಇದ್ದವರಿಗೆ ಅದೇ 4,000 ಆಗುತ್ತದೆ. ಆ ವರ್ಷ ‘ಗಡುವು ವಿಸ್ತರಣೆ’ ಎಂದು ಹೂಗುಚ್ಛದ ಚಿತ್ರ ಹಾಕಿದ ಪೋಸ್ಟ್‌ಗಳು ಎಷ್ಟೋ ಬಂದವು. ಬಡ್ಡಿಯ ಮಾತು ಸೇರಿಸಿದ್ದು ಕೆಲವೇ.

ತೊಡಕು ಅಲ್ಲಿಗೂ ಮುಗಿಯಲಿಲ್ಲ. ಸೆಪ್ಟೆಂಬರ್ 15 ಎಂಬುದು ಮುಂಗಡ ತೆರಿಗೆಯ ಎರಡನೇ ಕಂತಿನ ದಿನವೂ ಹೌದು. ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ 45, ಡಿಸೆಂಬರ್‌ಗೆ 75, ಮಾರ್ಚ್‌ಗೆ 100 ಎಂಬುದು ಅದರ ಕ್ರಮ. ಹಿಂದಿನ ವರ್ಷದ ಬಾಕಿಯನ್ನೂ ಈ ವರ್ಷದ ಕಂತನ್ನೂ ಒಂದೇ ದಿನ, ಒಂದೇ ಪೋರ್ಟಲ್‌ನಲ್ಲಿ, ಎರಡು ಬೇರೆ ಚಲನ್‌ಗಳಲ್ಲಿ ಕಟ್ಟಬೇಕಾಯಿತು. ಬಾಕಿಗೆ ಕರನಿರ್ಧಾರಣಾ ವರ್ಷ 2025–26, ಸಂಕೇತ 300. ಕಂತಿಗೆ 2026–27, ಸಂಕೇತ 100. ಅದಲುಬದಲಾದರೆ ಕಟ್ಟಿದ ಹಣ ಸರ್ಕಾರದ ಬಳಿ ಇದ್ದೂ ನಿಮ್ಮ ರಿಟರ್ನ್‌ನಲ್ಲಿ ಬಾಕಿ ಎಂದೇ ತೋರಿಸುತ್ತದೆ. ವರ್ಷ ತಪ್ಪಿದ್ದರೆ ಪೋರ್ಟಲ್‌ನಲ್ಲೇ ತಿದ್ದಬಹುದು, ಆದರೆ ಕಟ್ಟಿದ ಏಳು ದಿನದೊಳಗೆ. ನಾವು ಸೆಪ್ಟೆಂಬರ್ 8ಕ್ಕೆ ಈ ಎರಡು ಚಲನ್‌ಗಳನ್ನು ಅಕ್ಕಪಕ್ಕ ಇಟ್ಟು, ವರ್ಷ ಮತ್ತು ಸಂಕೇತಕ್ಕೆ ಸುತ್ತು ಹಾಕಿ ಚಿತ್ರ ಕಳಿಸಿದೆವು. ಚಿತ್ರದಲ್ಲಿ ಬೇರೆ ಏನೂ ಇರಲಿಲ್ಲ.

ಇದರ ನಡುವೆಯೇ, ಗಡುವು ಸೆಪ್ಟೆಂಬರ್ 30ಕ್ಕೆ ಹೋಗಿದೆ ಎಂಬ ಸುಳ್ಳು ಸುದ್ದಿ ಗುಂಪಿನಿಂದ ಗುಂಪಿಗೆ ಹಾರಿತು. ಇಲಾಖೆಯೇ ಮುಂದೆ ಬಂದು, ಅದು ಸುಳ್ಳು, ಗಡುವು 15ನೇ ತಾರೀಖೇ ಎಂದು ಹೇಳಬೇಕಾಯಿತು. ತಮಾಷೆಯೆಂದರೆ 15ರ ತಡರಾತ್ರಿ ಗಡುವು ನಿಜವಾಗಿಯೇ ಮುಂದೆ ಹೋಯಿತು, ಒಂದೇ ಒಂದು ದಿನ, 16ಕ್ಕೆ. ಅಷ್ಟು ಹೊತ್ತಿಗೆ ನಿಜವನ್ನೂ ನಂಬುವವರಿರಲಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಚಿತ್ರಕ್ಕೆ ಹುಟ್ಟಿದ ದಿನ ಇರುವುದಿಲ್ಲ. ‘ಇನ್ನು ಮೂರೇ ದಿನ’ ಎಂದು 2023ರಲ್ಲಿ ಯಾರೋ ಹಾಕಿದ್ದು 2025ರಲ್ಲಿ ಯಾರದೋ ಕುಟುಂಬದ ಗುಂಪಿಗೆ ಬಂದು ಬೀಳುತ್ತದೆ. ಆದ್ದರಿಂದ ನಮ್ಮ ಪ್ರತಿ ಪೋಸ್ಟ್‌ನ ಮೊದಲ ಸಾಲಿನಲ್ಲಿ ಮೂರು ವಿಷಯ ಇರಲೇಬೇಕೆಂಬ ಕಟ್ಟುನಿಟ್ಟು: ಬರೆದ ದಿನ, ಯಾರಿಗೆ ಅನ್ವಯ, ಯಾವ ವರ್ಷದ ಆದಾಯ. ‘ನಾಳೆ’, ‘ಇನ್ನು ಎರಡು ದಿನ’ ಎಂಬ ಮಾತಿಗೆ ಪೂರ್ತಿ ನಿಷೇಧ. ಅದೂ ಅಲ್ಲದೆ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ್ದು ಕಚೇರಿಯ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ಸೇವ್ ಮಾಡದವರಿಗೆ ಏನೂ ಹೋಗಿರುವುದಿಲ್ಲ, ‘ಹೇಳಿದ್ದೆವಲ್ಲ’ ಎಂದು ನಾವು ಅಂದುಕೊಂಡಿರುತ್ತೇವೆ. ಹಿರಿಯರಿಗೆ, ಅದರಲ್ಲೂ ಬ್ಯಾಂಕ್ ಬಡ್ಡಿಯಲ್ಲಿ ಟಿಡಿಎಸ್ ಹಿಡಿಯಬೇಡಿ ಎಂಬ ಘೋಷಣೆ ಕೊಡಬೇಕಾದವರಿಗೆ, ಏಪ್ರಿಲ್ ಮೊದಲ ವಾರ ಫೋನ್ ಮಾಡಿಯೇ ಹೇಳುತ್ತೇವೆ. ಒಮ್ಮೆ ಟಿಡಿಎಸ್ ಹಿಡಿದರೆಂದರೆ ವಾಪಸು ಬರಲು ಮುಂದಿನ ವರ್ಷದ ರಿಟರ್ನ್ ತನಕ ಕಾಯಬೇಕು.

ಈಗಿನ ಹೊಸ ಗೊಂದಲ 2025ರ ಆದಾಯ ತೆರಿಗೆ ಕಾಯ್ದೆಯದು. 1961ರ ಹಳೇ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಅದು ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಹಳೇ ಪೋಸ್ಟ್‌ಗಳ ಕಡತದಲ್ಲಿ ‘80ಸಿ’, ‘234ಬಿ’ ಎಂದಿರುವಲ್ಲೆಲ್ಲ ಈಗ ಗುರುತು ಹಾಕಿಟ್ಟುಕೊಂಡಿದ್ದೇವೆ. ಅದಕ್ಕಿಂತ ಹೆಚ್ಚು ಎಡವಿಸುವುದು ವರ್ಷದ ಹೆಸರು. ಹಳೇ ಕಾಯ್ದೆಯಲ್ಲಿ ಆದಾಯ ಬಂದ ವರ್ಷ ಒಂದು, ಕರನಿರ್ಧಾರಣಾ ವರ್ಷ ಮುಂದಿನದು. ಹೊಸದರಲ್ಲಿ ಎರಡೂ ಒಂದೇ, ‘ತೆರಿಗೆ ವರ್ಷ’. 2025–26ರ ಆದಾಯಕ್ಕೆ 2026ರ ಜುಲೈನಲ್ಲಿ ಹಾಕುವ ರಿಟರ್ನ್ ಹಳೇ ಕಾಯ್ದೆಯಡಿ, ಅದರ ಮೇಲೆ ಬರೆಯುವುದು ಕರನಿರ್ಧಾರಣಾ ವರ್ಷ 2026–27. 2026ರ ಜೂನ್ 15ಕ್ಕೆ ಕಟ್ಟುವ ಮುಂಗಡ ತೆರಿಗೆ ಹೊಸ ಕಾಯ್ದೆಯಡಿ, ಅದರ ಮೇಲಿರುವುದು ತೆರಿಗೆ ವರ್ಷ 2026–27. ಅಂಕಿ ಒಂದೇ, ಆದಾಯ ಬೇರೆ ಬೇರೆ. ಹಿಂದೆ ಅಂಕಿ ನೋಡಿಯೇ ಚಲನ್ ಯಾವುದರದ್ದೆಂದು ಹೇಳಬಹುದಿತ್ತು. ಈಗ ಅಂಕಿಯ ಹಿಂದಿರುವ ಪದವನ್ನೂ ಓದಬೇಕು. ಈ ಜೂನ್‌ಗೆಂದು ಬರೆದಿಟ್ಟ ಪೋಸ್ಟ್ ಹೀಗಿದೆ: ‘2026ರ ಏಪ್ರಿಲ್ 1ಕ್ಕಿಂತ ಮೊದಲು ಗಳಿಸಿದ ಹಣಕ್ಕೆ ಕಟ್ಟುತ್ತಿದ್ದೀರಾ? ಕರನಿರ್ಧಾರಣಾ ವರ್ಷ 2026–27 ಆರಿಸಿ. ಆಮೇಲೆ ಗಳಿಸಿದ್ದಕ್ಕಾದರೆ ತೆರಿಗೆ ವರ್ಷ 2026–27. ಯಾವುದೆಂದು ಅನುಮಾನ ಬಂದರೆ ಕಟ್ಟುವ ಮೊದಲು ಕೇಳಿ.’